ಎರಡು ಲಕ್ಷಕ್ಕೆ ಹತ್ತು ಸಾವಿರ ಕಡಿಮೆ

ಶುಕ್ರವಾರ, ಬೆಳಿಗ್ಗೆ ಹತ್ತೂವರೆ, ಬ್ಯಾಡಗಿಯ ಬ್ಯಾಂಕು. ಹಾಜರಿದ್ದವರು ನಾಲ್ವರು: ನಾನು, ನನ್ನ ತಂಗಿ, ಮನೆ ಮಾರುವವರಲ್ಲಿ ಹಿರಿಯಣ್ಣ, ಖರೀದಿ ಪತ್ರದ ಬರಹಗಾರ.

ಶುಕ್ರವಾರವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆಯ ದಿನಗಳು. ಆ ಎರಡು ದಿನ ನನ್ನ ತಂಗಿ ಖಾನಾವಳಿಯ ಒಲೆ ಬಿಟ್ಟು ಕದಲುವುದಿಲ್ಲ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಪಡಸಾಲೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಒಂದು ನಳ, ಇಷ್ಟೇ ಅವಳ ಖಾನಾವಳಿ. ಗಂಡ ತೀರಿದ ಮೇಲೆ ಬಾಡಿಗೆಗೆ ಹಿಡಿದದ್ದು. ಹಮಾಲರು, ಗಾಡಿ ಡ್ರೈವರರು, ಮಾಲು ತಂದ ರೈತರು ಅಲ್ಲಿ ರೊಟ್ಟಿ ಉಣ್ಣುತ್ತಾರೆ. ಆ ಜಾಗದ ಮಾಲೀಕರು ಮೂವರು: ಬ್ಯಾಡಗಿಯಲ್ಲೇ ಇರುವ ಹಿರಿಯಣ್ಣ, ರಾಣೆಬೆನ್ನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಎರಡನೆಯವನು, ಕುಪ್ಪೇಲೂರಿಗೆ ಕೊಟ್ಟ ಅವರ ತಂಗಿ. ತಂದೆ ಸತ್ತ ಮೇಲೆ ಮಾರಾಟಕ್ಕೆ ಇಟ್ಟರು. ಪಕ್ಕದ ಗೋದಾಮಿನವನು ಬಾಯಿ ತೆರೆದುಕೊಂಡು ಕುಳಿತಿದ್ದ. ಅವನಿಗೆ ಬೇಕಾದದ್ದು ಖಾನಾವಳಿಯಲ್ಲ, ಅದನ್ನು ಕೆಡವಿದ ನೆಲ. ತಂಗಿ ಹೇಗೋ ಮೊದಲು ಮುಂಗಡ ಕೊಟ್ಟು ಕರಾರು ಬರೆಸಿಕೊಂಡಳು. ಕರಾರಿನ ಮುದ್ದತ್ತು ಅಂದಿನ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅಂದು ಖರೀದಿ ಆಗದಿದ್ದರೆ ಅವಳು ಒಲೆ ಕಿತ್ತುಕೊಂಡು ಬೀದಿಗೆ ಬರಬೇಕು. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಹಿರಿಯಣ್ಣನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ನಾನು ಹಾವೇರಿಯವನು. ಕೆಲಸವೆಲ್ಲ ಬಸ್ ನಿಲ್ದಾಣದಲ್ಲಿ, ಕಂಟ್ರೋಲರ್ ಆಗಿ. ಯಾವ ಗಾಡಿ ಯಾವ ಹೊತ್ತಿಗೆ, ಯಾವ ಅಂಕಣದಿಂದ ಎಂದು ಬರೆದು ಹೊರಡಿಸಿದವನಿಗೆ ನಿವೃತ್ತಿಯಾದ ಮೇಲೂ ಆ ಚಾಳಿ ಬಿಟ್ಟಿಲ್ಲ. ಹಿಂದಿನ ಸಂಜೆಯೇ ತಂಗಿಯ ಮನೆಯಲ್ಲಿ ಕುಳಿತು ಹಣ ಕಳಿಸುವ ಬ್ಯಾಂಕಿನ ಮೂರು ಅರ್ಜಿಗಳನ್ನು ತುಂಬಿದ್ದೆ. ಮುಂಗಡ ಕಳೆದು ಉಳಿದದ್ದು ಎಂಟು ಲಕ್ಷ: ಇಬ್ಬರು ಗಂಡುಮಕ್ಕಳಿಗೆ ಮೂರು ಮೂರು ಲಕ್ಷ, ಹೆಣ್ಣುಮಗಳಿಗೆ ಎರಡು ಲಕ್ಷ. ಸರಿಪಾಲು ಅಲ್ಲ. ಅದು ಅವರ ಮನೆಯ ಮಾತು, ಅವರೇ ಆಡಿಕೊಂಡದ್ದು, ನಾನು ಕೇಳಲಿಲ್ಲ. ಮೂರಕ್ಕೂ ಆರ್‌ಟಿಜಿಎಸ್ ಎಂಬ ಚೌಕಕ್ಕೆ ಗುರುತು ಹಾಕಿದ್ದೆ. ಬರಹಗಾರ ಹಾಗೆಯೇ ಹೇಳಿದ್ದ. ಪತ್ರದ ಕರಡಿನಲ್ಲಿ ಮೂರೂ ಕಡೆ 'ಆರ್‌ಟಿಜಿಎಸ್ ಮೂಲಕ' ಎಂದು ಅಚ್ಚಾಗಿತ್ತು, ವ್ಯವಹಾರದ ನಂಬರಿಗೆ ಖಾಲಿ ಜಾಗ ಬಿಟ್ಟಿತ್ತು.

ಬೆಳಿಗ್ಗೆ ನಾನು ಬ್ಯಾಂಕಿಗೆ ಕಾಲಿಡುವ ಹೊತ್ತಿಗೆ ಬರಹಗಾರ ಕಿಟಕಿಯ ಕಟ್ಟೆಯ ಮೇಲೆ ಎರಡು ಅರ್ಜಿಗಳನ್ನು ಹೊಸದಾಗಿ ಬರೆಯುತ್ತಿದ್ದ.

"ನಾ ಬರದಿದ್ವು ಎಲ್ಲಿ?" ಎಂದು ಕೇಳಿದೆ.

ಉತ್ತರ ಕೊಟ್ಟದ್ದು ಹಿರಿಯಣ್ಣ. "ಸ್ವಲ್ಪ ಆಚೆ ಈಚೆ ಆಗೇತ್ರಿ ಸಾಹೇಬ್ರ. ನನ್ನದು ಮೂರು ಲಕ್ಷದ ಹತ್ತು, ತಂಗೀದು ಒಂದು ಲಕ್ಷದ ತೊಂಬತ್ತು. ಒಟ್ಟು ಅಷ್ಟ. ನಿಮಗೇನು ಲುಕ್ಸಾನಿಲ್ಲ."

"ಯಾಕ ಹಂಗ?"

"ನಮ್ಮೊಳಗ ಮಾತಾಗೇತಿ. ನೀವು ರೊಕ್ಕ ಕೊಡವ್ರು, ಕೊಡ್ರಿ."

ಬರಹಗಾರ ತಲೆ ಎತ್ತಲಿಲ್ಲ. ನನ್ನ ಹಳೆಯ ಅರ್ಜಿಯನ್ನು ಎಡಗಡೆ ಇಟ್ಟುಕೊಂಡು ಅದರಂತೆಯೇ ಗುರುತು ಹಾಕುತ್ತ, ಮೊತ್ತ ಮಾತ್ರ ಬದಲಿಸಿ ಬರೆಯುತ್ತಿದ್ದ. ಮೊಬೈಲ್ ನಂಬರಿನ ಜಾಗದಲ್ಲಿ ತನ್ನದನ್ನೇ ಹಾಕಿಕೊಂಡ. ಅದು ಅವನ ರೂಢಿ. ಖರೀದಿಗೆ ಬಂದವರ ಬ್ಯಾಂಕಿನ ಅರ್ಜಿಯನ್ನೂ ತಾನೇ ತುಂಬಿ ಅದಕ್ಕೂ ಕೂಲಿ ಹಚ್ಚುತ್ತಾನೆ. ತಂಗಿ ಸಹಿ ಮಾಡಿ ಮೂರು ಚೆಕ್ಕು ಹರಿದುಕೊಟ್ಟಳು. ಚೆಕ್ಕಿನ ಮೇಲೂ ಬರಹಗಾರ ಆರ್‌ಟಿಜಿಎಸ್ ಎಂದೇ ಬರೆದ. ಕೌಂಟರಿನಲ್ಲಿದ್ದ ಗುಮಾಸ್ತೆ ಯಾವುದನ್ನೂ ಓದದೆ ಮೂರರ ಮೇಲೂ ಠಸ್ಸೆ ಒತ್ತಿ ಚೀಟಿ ಹರಿದುಕೊಟ್ಟಳು. "ಹೋಗತಾವು, ಕುಂದ್ರಬ್ಯಾಡ್ರಿ" ಎಂದಳು.

ನಾವು ಉಪನೋಂದಣಿ ಕಚೇರಿಗೆ ಹೋದೆವು.

ಅಲ್ಲಿ ಎರಡನೆಯವನು ರಾಣೆಬೆನ್ನೂರಿನಿಂದ ಬಂದು ಮೋಟರ್ ಸೈಕಲ್ಲಿನ ಮೇಲೆ ಕುಳಿತಿದ್ದ. ಅವರ ತಂಗಿ ಕುಪ್ಪೇಲೂರಿನಿಂದ ಎರಡು ಬಸ್ಸು ಬದಲಿಸಿ ಬಂದು, ಕಾಂಪೌಂಡ್ ಗೋಡೆಯ ನೆರಳಿನಲ್ಲಿ ಒಬ್ಬಳೇ ನಿಂತಿದ್ದಳು. ಐವತ್ತು ದಾಟಿದ ಹೆಂಗಸು. ಅಣ್ಣಂದಿರ ಜೊತೆ ಮಾತಿಲ್ಲ. ನನ್ನನ್ನು ನೋಡಿ ನಮಸ್ಕಾರವಿಲ್ಲ. ನನ್ನ ತಂಗಿ "ಬರ್ರಿ ಅಕ್ಕಾರ, ಚಾ ಕುಡೀರಿ" ಎಂದಳು.

"ಚಾ ಕುಡ್ಯಾಕ ಬಂದಿಲ್ಲ. ಸಹಿ ಮಾಡಾಕ ಬಂದೇನಿ. ರೊಕ್ಕ ಬಂದಮ್ಯಾಲೆ."

ಹಿರಿಯಣ್ಣ ಒಂದು ಪ್ಲಾಸ್ಟಿಕ್ ಚೀಲ ಮುಂದೆ ಹಿಡಿದ. ಒಳಗೆ ಸೀರೆ, ಕುಪ್ಪಸದ ಖಣ, ತೆಂಗಿನಕಾಯಿ. ತವರಿನ ಆಸ್ತಿಗೆ ಸಹಿ ಹಾಕುವ ಹೆಣ್ಣುಮಗಳಿಗೆ ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಅವಳು ಚೀಲದ ಕಡೆ ನೋಡಿ, "ಅದನ್ನ ನಿನ್ನ ಹೆಂಡತಿಗೆ ಉಡಸು" ಎಂದಳು. ಎರಡನೆಯವನು ಮೋಟರ್ ಸೈಕಲ್ಲಿನ ಮೇಲೇ ಕುಳಿತು ನಕ್ಕ. ಹಿರಿಯಣ್ಣ ಚೀಲವನ್ನು ತನ್ನ ಗಾಡಿಯ ಹ್ಯಾಂಡಲಿಗೆ ನೇತುಹಾಕಿದ.

ಹನ್ನೆರಡಕ್ಕೆ ಮೊದಲೇ ಅಣ್ಣಂದಿರಿಬ್ಬರ ಮೊಬೈಲಿಗೂ ಬ್ಯಾಂಕಿನ ಸಂದೇಶ ಬಂತು. ಎರಡನೆಯವನಿಗೆ ಮೂರು ಲಕ್ಷ, ಹಿರಿಯಣ್ಣನಿಗೆ ಮೂರು ಲಕ್ಷದ ಹತ್ತು ಸಾವಿರ. ಹಿರಿಯಣ್ಣ ತನ್ನದನ್ನು ತಾನೇ ಓದಿಕೊಂಡು ಜೇಬಿಗೆ ಹಾಕಿದ. ಬರಹಗಾರ ಇಬ್ಬರ ನಂಬರುಗಳನ್ನೂ ಪತ್ರದ ಖಾಲಿ ಜಾಗದಲ್ಲಿ ಬರೆದುಕೊಂಡ. ಕುಪ್ಪೇಲೂರಿನವಳ ಹತ್ತಿರ ಇದ್ದದ್ದು ಗುಂಡಿ ಒತ್ತುವ ಸಣ್ಣ ಮೊಬೈಲು. ಅದು ಸುಮ್ಮನಿತ್ತು. ನಮ್ಮ ಸರದಿ ಕೂಗಿದರು; ಆಗಲೂ ಸುಮ್ಮನಿತ್ತು.

"ಬಾ, ಸಹಿ ಮಾಡು, ಹಿಂದಿಂದ ಬರತೈತಿ" ಎಂದ ಹಿರಿಯಣ್ಣ.

"ಹಿಂದಿಂದ ಬರೂದು ಗಾಳಿ. ರೊಕ್ಕ ಮುಂದ ಬರಬೇಕು."

"ಮೂರೂ ಕೂಡೇ ಕೊಟ್ಟೇವಿ. ನಮಗ ಬಂದಾವು. ನಿಂದೂ ಬರತೈತಿ."

"ನಿಮಗ ಬಂದು ನನಗ್ಯಾಕ ಬರಲಿಲ್ಲ? ನನ್ನ ರೊಕ್ಕೇನು ಎತ್ತಿನ ಗಾಡ್ಯಾಗ ಹೊಂಟಾವೇನು?"

ಒಳಗಿದ್ದ ಗುಮಾಸ್ತ ಬಾಗಿಲಿಗೆ ಬಂದು, "ನಿಮ್ಮದು ಆಗೂದಿದ್ರ ಬರ್ರಿ. ಇಲ್ಲಾಂದ್ರ ಮೂರರ ಮ್ಯಾಲೆ ಕಡೀಕ ತಗೋತೀನಿ" ಎಂದು ಮುಂದಿನವರನ್ನು ಕರೆದ.

ನನಗೆ ಆ ಹೆಂಗಸಿನ ಮೇಲೆ ಸಿಟ್ಟು ಬಂತು. ಬರೆದಿಟ್ಟ ಹೊತ್ತಿಗೆ ಗಾಡಿ ಬಿಡಲು ತಕರಾರು ಮಾಡುವ ಪ್ರಯಾಣಿಕರನ್ನು ನಾನು ಬಹಳ ಕಂಡಿದ್ದೇನೆ. ಇವಳು ಅಂಥವಳೇ ಎಂದುಕೊಂಡೆ. "ನೋಡ್ರಿ, ಆರು ಲಕ್ಷಕ್ಕಿಂತ ಹೆಚ್ಚು ನಿಮ್ಮ ಮನಿತನಕ್ಕ ಮುಟ್ಟೇತಿ. ನಾವು ಓಡಿ ಹೋಗವ್ರಲ್ಲ" ಎಂದೆ.

"ಮುಟ್ಟಿದ್ದು ಅವರಿಗೆ. ನನಗೂ ಅವರಿಗೂ ಒಂದ ಮನಿತನ ಅಂತ ಯಾರು ಹೇಳ್ಯಾರ ನಿಮಗ?"

ಹಿರಿಯಣ್ಣ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ಆದರೆ ನನ್ನ ತಂಗಿಗೂ ಕೇಳುವ ಹಾಗೆ ಹೇಳಿದ: "ಸಾಹೇಬ್ರ, ಆರ್‌ಟಿಜಿಎಸ್ ಆದದ್ದು ವಾಪಸ್ ಬರಂಗಿಲ್ಲ. ನಮ್ಮದು ನಮಗ ಬಂತು. ಅಕಿ ಸಹಿ ಮಾಡಸೂದು ಇನ್ನ ನಿಮ್ಮ ಕೆಲಸ. ಇವತ್ತ ಮುದ್ದತ್ತು ಮುಗೀತಂದ್ರ ಗೋದಾಮಿನಂವ ಕುಂತಾನ, ನಿಮಗಿಂತ ಜಾಸ್ತಿ ಕೊಡಾಕ."

ಬ್ಯಾಂಕಿನಿಂದ ಹೋದ ಹಣ ತಿರುಗಿ ಬರುವುದಿಲ್ಲ ಎಂಬುದು ನಿಜ. ತನಗೆ ತಾನೇ ಅದು ಹಿಂದಕ್ಕೆ ಹೊರಳುವುದಿಲ್ಲ. ಪಡೆದವನು ಕೊಟ್ಟರೆ ಉಂಟು, ಇಲ್ಲದಿದ್ದರೆ ಕೋರ್ಟು. ನನ್ನ ತಂಗಿಯ ಮುಖ ರೊಟ್ಟಿ ಹಿಟ್ಟಿನಂತೆ ಬಿಳುಪಾಯಿತು. ಅವಳು ನನ್ನ ಕಡೆ ತಿರುಗಿ, "ಅಣ್ಣಾ, ನಡಿ ಬ್ಯಾಂಕಿಗೆ" ಎಂದಳು.

"ನಾನೂ ಬರತೇನಿ" ಎಂದಳು ಕುಪ್ಪೇಲೂರಿನವಳು. "ನಿಮ್ಮನ್ನೂ ನಾ ನಂಬೂದಿಲ್ಲ."

ಆಟೋದಲ್ಲಿ ಮೂವರೂ ಕುಳಿತೆವು. ಓಣಿಯ ಎರಡೂ ಕಡೆ ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಘಾಟಿಗೆ ಕುಪ್ಪೇಲೂರಿನವಳು ಸೆರಗು ಮೂಗಿಗೆ ಹಿಡಿದಳು, ನಾನು ಕರವಸ್ತ್ರ ಹಿಡಿದೆ. ನನ್ನ ತಂಗಿಗೆ ಆ ಘಾಟು ಯಾವತ್ತೂ ಹತ್ತುವುದಿಲ್ಲ.

ಬ್ಯಾಂಕಿನಲ್ಲಿ ಅದೇ ಗುಮಾಸ್ತೆ. ಚೀಟಿ ತೋರಿಸಿದೆ. ಅವಳು ಪರದೆ ನೋಡಿ, ಪಕ್ಕದ ತಟ್ಟೆಯಿಂದ ನಮ್ಮ ಮೂರನೆಯ ಅರ್ಜಿಯನ್ನು ಎಳೆದಳು.

"ಇದು ಹೋಗಿಲ್ರಿ. ಸಿಸ್ಟಮ್ ತಗೊಳ್ಳಲಿಲ್ಲ. ರಿಜೆಕ್ಟ್ ಆಗೇತಿ."

"ಯಾವಾಗ?"

"ಹನ್ನೊಂದರ ಸುಮಾರ. ಇದರಾಗಿನ ನಂಬರಿಗೆ ಫೋನ್ ಮಾಡಿದ್ನಿ, ಯಾರೂ ಎತ್ತಲಿಲ್ಲ."

"ಅದು ಬರಹಗಾರನ ನಂಬರ್. ಖಾತೆದಾರರ ನಂಬರ್ ನಿಮ್ಮ ಕಂಪ್ಯೂಟರಿನ್ಯಾಗ ಇಲ್ಲೇನು? ಠಸ್ಸೆ ಹೊಡಿಯೂ ಮುಂದ ಒಂದು ಸಲ ಓದಬಾರದೇನು?"

"ಸರ, ದಿನಾ ಇಂಥಾವು ನೂರು ಬರತಾವು. ಓದಿ ಬರಿಯೂದು ನಿಮ್ಮ ಕೆಲಸ. ಆರ್‌ಟಿಜಿಎಸ್ ಅಂದ್ರ ಎರಡು ಲಕ್ಷ, ಅದರ ಮ್ಯಾಲೆ. ಅದಕಿಂತ ಒಂದು ರೂಪಾಯಿ ಕಡಿಮಿ ಇದ್ರೂ ಹೋಗಂಗಿಲ್ಲ. ನಿಮ್ಮದು ಕಡಿಮಿ ಐತಿ."

ಆ ಗೆರೆಯ ವಿಷಯ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ನಮ್ಮ ಕಡೆ ಎಲ್ಲರೂ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಹಣಕ್ಕೆಲ್ಲ ಆರ್‌ಟಿಜಿಎಸ್ ಎನ್ನುತ್ತಾರೆ. ಬರಹಗಾರನಿಗೆ ಗೊತ್ತಿರಬೇಕಿತ್ತು. ಅದನ್ನು ಹೇಳಲು ನಾನು ಬಾಯಿ ತೆರೆಯುವ ಮೊದಲೇ ಕುಪ್ಪೇಲೂರಿನವಳು ಕೌಂಟರಿಗೆ ಬಂದು ನನ್ನನ್ನು ಮೊಳಕೈಯಿಂದ ಸರಿಸಿದಳು.

"ಏನಂದಿ ತಂಗಿ? ಕಡಿಮಿ ಅಂದ್ರ?"

"ಎರಡು ಲಕ್ಷಕ್ಕಿಂತ ಕಡಿಮಿ ಬರದಾರ್ರಿ."

"ನಂದು ಎರಡು ಲಕ್ಷ."

"ಇಲ್ರಿ, ಒಂದು ಲಕ್ಷದ ತೊಂಬತ್ತು ಸಾವಿರ."

ಅವಳು ಅರ್ಜಿಯನ್ನು ತನ್ನ ಕಡೆ ತಿರುಗಿಸಿಕೊಂಡು, ಅಂಕಿಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಬ್ಯಾಂಕಿನಲ್ಲಿದ್ದ ಎಲ್ಲರೂ ಕೇಳಿಸಿಕೊಂಡರು.

"ಸಾಹೇಬ್ರು! ಕಂಟ್ರೋಲರ್ ಸಾಹೇಬ್ರು! ಹತ್ತು ಸಾವಿರ ನುಂಗಾಕ ಹಾವೇರಿಯಿಂದ ಬಸ್ ಹತ್ತಿ ಬಂದೀರೇನು?"

"ಬಾಯಿ ಸಂಭಾಳಿಸಿ ಮಾತಾಡ್ರಿ. ಹತ್ತು ಸಾವಿರ ನಿಮ್ಮ ಅಣ್ಣಗ ಹೋಗೇತಿ. ನಿಮ್ಮೊಳಗ ಮಾತಾಗೇತಿ ಅಂದ."

"ನನ್ನ ಕೂಡ ಮಾತ ಇಲ್ಲ ಅವಗ! ಎರಡು ಲಕ್ಷಕ್ಕ ಹೂಂ ಅಂದ ದಿನಾನ ಮಾತು ಬಿಟ್ಟೇನಿ. ಯಾವ ಮಾತು ಆಗೇತಿ?"

ನನ್ನ ತಂಗಿ ನಡುವೆ ಬಂದಳು. "ಅಕ್ಕಾರ, ನಮ್ಮ ಕಡಿಂದ ಎಂಟು ಲಕ್ಷ ಪೂರ್ತಿ. ಒಂದು ರೂಪಾಯಿ ಉಳಿಸಿಕೊಂಡಿಲ್ಲ. ಬೇಕಂದ್ರ ಈ ಹುಡುಗೀನ ಕೇಳ್ರಿ."

ಗುಮಾಸ್ತೆ ತಲೆಯಾಡಿಸಿದಳು. ಹಿಂದಿನ ಕೋಣೆಯಿಂದ ಅಧಿಕಾರಿ ಬಂದು, "ಇಲ್ಲಿ ಸಂತಿ ಮಾಡಬ್ಯಾಡ್ರಿ. ಜಗಳ ಹೊರಗ" ಎಂದ. ನಾನು ಹೊರಗೆ ಹೋಗಲಿಲ್ಲ. ದಾರಿ ಏನೇನಿವೆ, ಕೂಡಲೇ ಹೇಳಿ ಎಂದು ಕೇಳಿದೆ. ಅಧಿಕಾರಿ ಕಟುವಾಗಿಯೇ ಹೇಳಿದ, ಆದರೆ ಸ್ಪಷ್ಟವಾಗಿ ಹೇಳಿದ. ಮೊತ್ತ ಎರಡು ಲಕ್ಷ ಮಾಡಿದರೆ ಆರ್‌ಟಿಜಿಎಸ್ ಹೋಗುತ್ತದೆ. ಅದು ಒಂದೊಂದೇ ಆಗಿ, ಆಗಿಂದಾಗಲೇ ಮುಟ್ಟುತ್ತದೆ. ಮೊತ್ತ ಇಷ್ಟೇ ಇರಲಿ ಎಂದರೆ ಎನ್‌ಇಎಫ್‌ಟಿ ಮಾಡಬೇಕು. ಅದಕ್ಕೆ ಕನಿಷ್ಠ ಮೊತ್ತವಿಲ್ಲ. ಅರ್ಧ ತಾಸಿಗೊಂದು ಕಂತಿನಂತೆ ಎಲ್ಲರ ಹಣ ಒಟ್ಟಾಗಿ ಹೋಗುತ್ತದೆ. ಕಂತು ಹೋದ ಮೇಲೆ ಎರಡು ತಾಸಿನೊಳಗೆ ಖಾತೆಗೆ ಬೀಳಲೇಬೇಕು, ಸಾಮಾನ್ಯವಾಗಿ ಬೇಗನೇ ಬೀಳುತ್ತದೆ. ಮೊಬೈಲಿನಿಂದಲೂ ಕಳಿಸಬಹುದಿತ್ತು, ಆದರೆ ತಂಗಿಯ ಖಾತೆಗೆ ಆ ಸೌಲಭ್ಯ ಮಾಡಿಸಿಲ್ಲ. ಎನ್‌ಇಎಫ್‌ಟಿಗೆ ಹೊಸ ಅರ್ಜಿ ಬೇಕು. ಚೆಕ್ಕಿನ ಮೇಲೆ ಆರ್‌ಟಿಜಿಎಸ್ ಎಂದು ಬರೆದಿರುವುದರಿಂದ ಚೆಕ್ಕೂ ಹೊಸದು ಬೇಕು, ತಿದ್ದಿದ್ದು ನಡೆಯುವುದಿಲ್ಲ.

ನನಗೆ ಇಷ್ಟು ಸಾಕಾಗಿತ್ತು. ಒಂದು ಖಾಸಾ ಗಾಡಿ, ತುಂಬಿದ ಕೂಡಲೇ ಹೊರಡುವಂಥದ್ದು. ಇನ್ನೊಂದು ಅರ್ಧ ತಾಸಿಗೊಮ್ಮೆ ಬಿಡುವ ಬಸ್ಸು. ಯಾವುದಕ್ಕೆ ಯಾರು ಹತ್ತಬೇಕೆಂಬುದು ಮೊತ್ತದ ಮೇಲೆ ನಿಂತಿದೆ. ಹೊಸ ಅರ್ಜಿ ತೆಗೆದುಕೊಂಡು ಬರೆಯಲು ಕುಳಿತೆ.

ಕುಪ್ಪೇಲೂರಿನವಳು ಅರ್ಜಿಯ ಮೇಲೆ ಅಂಗೈ ಇಟ್ಟಳು. "ಒಂದು ತೊಂಬತ್ತು ಬರದ್ರ ನಾ ಸಹಿ ಮಾಡೂದಿಲ್ಲ. ಎರಡು ಬರೀರಿ."

"ಹತ್ತು ಸಾವಿರ ನಿಮ್ಮ ಅಣ್ಣನ ಖಾತೇದಾಗ ಐತಿ. ನಾವು ಎರಡು ಸಲ ಕೊಡೂದಿಲ್ಲ" ಎಂದಳು ನನ್ನ ತಂಗಿ.

"ಹಂಗಾರ ಅವನ ಕಡಿಂದ ತರಸ್ರಿ."

ಅಷ್ಟರಲ್ಲಿ ಹಿರಿಯಣ್ಣ ಮೋಟರ್ ಸೈಕಲ್ಲಿನ ಮೇಲೆ ಬಂದ, ಹಿಂದೆ ತಮ್ಮ. ಸೀರೆಯ ಚೀಲ ಹ್ಯಾಂಡಲಿನಲ್ಲಿ ಇನ್ನೂ ತೂಗುತ್ತಿತ್ತು. ಎಲ್ಲರೂ ಬ್ಯಾಂಕಿನ ಮೆಟ್ಟಿಲ ಮೇಲೆ ಕೂಡಿದೆವು. ಮೊತ್ತ ಕಡಿಮೆಯಿದ್ದದ್ದಕ್ಕೆ ಹಣ ಹೋಗಲಿಲ್ಲ, ಎನ್‌ಇಎಫ್‌ಟಿಯಾದರೆ ಅರ್ಧ ತಾಸಿನ ಕಂತಿಗೆ ಕಾಯಬೇಕು ಎಂದು ನಾನು ಎರಡು ಮಾತಿನಲ್ಲಿ ಹೇಳಿದೆ. ಅವನಿಗೆ ಸಂಗತಿ ಬಯಲಾಗಿದೆ ಎಂದು ಗೊತ್ತಾಯಿತು. ನಾಚಲಿಲ್ಲ.

"ಖಾತಾ ಬದಲಿ, ಮನಿ ತೆರಿಗಿ ಬಾಕಿ, ಅಳತಿ, ಇದಕ್ಕೆಲ್ಲ ನಾ ಮೂವತ್ತು ಸಾವಿರ ಖರ್ಚು ಮಾಡೇನಿ. ತಲಿಗೆ ಹತ್ತು. ತಮ್ಮ ಕೊಟ್ಟಾನ. ನಿನ್ನ ಪಾಲಿಂದು ಹಿಡಕೊಂಡೇನಿ. ತಪ್ಪೇನು?"

"ಹೇಳದ ಹಿಡಕೊಂಡಿ."

"ಹೇಳಿದ್ರ ಕೊಡತಿದ್ದೇನು?"

"ಪಾವತಿ ಚೀಟಿ ತೋರಿಸಿದ್ರ ಕೊಡತಿದ್ದೆ. ಎಲ್ಲೈತಿ ಪಾವತಿ?"

ಅವನು ನನ್ನ ತಂಗಿಯ ಕಡೆ ತಿರುಗಿದ. "ಅಕ್ಕಾರ, ಒಂದು ಕೆಲಸ ಮಾಡ್ರಿ. ಈಗ ಎರಡು ಲಕ್ಷ ಬರದು ಆರ್‌ಟಿಜಿಎಸ್ ಮಾಡಿಬಿಡ್ರಿ, ಅರ್ಧ ತಾಸು ಕಾಯೂದ ಬ್ಯಾಡ. ಆ ಹತ್ತು ಸಾವಿರ ನಾ ನಿಮಗ ಬಾಡಿಗ್ಯಾಗ ಮುರಕೋತೇನಿ."

"ಯಾವ ಬಾಡಿಗಿ?" ಎಂದಳು ತಂಗಿ. "ಇವತ್ತ ಖರೀದಿ ಆದಮ್ಯಾಲೆ ನಾ ನಿಮಗ ಯಾವ ಬಾಡಿಗಿ ಕೊಡತೇನಿ?"

ತಮ್ಮ ಮತ್ತೆ ನಕ್ಕ. ಹಿರಿಯಣ್ಣ ಅವನನ್ನು ಗದರಿಸಿದ. ಆ ಮನುಷ್ಯನ ಮಾತಿನಲ್ಲಿ ನನಗೆ ಹೆಚ್ಚು ಸಿಟ್ಟು ಬರಿಸಿದ್ದು ಇದೇ. ಹಣ ಸರಿಯಾದ ಗಾಡಿ ಹತ್ತಲಿಲ್ಲ ಎಂದರೆ, ಗಾಡಿಗೆ ಸರಿಹೊಂದುವಂತೆ ನಮ್ಮ ಗಂಟಿನಿಂದ ತೂಕ ಹಾಕಿ ಎನ್ನುತ್ತಿದ್ದ. "ಒಂದು ರೂಪಾಯಿ ಹೆಚ್ಚು ಬರಿಯೂದಿಲ್ಲ. ಎನ್‌ಇಎಫ್‌ಟಿ ಮಾಡತೇನಿ. ಹತ್ತು ಸಾವಿರ ನೀವು ಅವರಿಗೆ ಕೊಟ್ಟು, ಅವರು ಹೂಂ ಅಂದ ಮ್ಯಾಲೆ" ಎಂದೆ.

"ಕೊಡಂಗಿಲ್ಲ. ಏನ್ ಮಾಡ್ತೀರಿ? ಮುದ್ದತ್ತು ಮುಗೀಲಿ. ಗೋದಾಮಿನಂವಗ ಕೊಡತೇವಿ."

ಕೋರ್ಟಿಗೆ ಹೋದರೆ ಕರಾರು ನಮ್ಮ ಪರ ನಿಲ್ಲಬಹುದು, ವರ್ಷಗಟ್ಟಲೆ ಆದ ಮೇಲೆ. ಅಷ್ಟು ವರ್ಷ ತಂಗಿ ರೊಟ್ಟಿ ಎಲ್ಲಿ ಬಡಿಯಬೇಕು?

ಮಾತಾಡಿದ್ದು ಕುಪ್ಪೇಲೂರಿನವಳು. ಕೂಗಲಿಲ್ಲ. ಒಂದು ಮೆಟ್ಟಿಲು ಇಳಿದು ಅಣ್ಣನ ಮುಂದೆ ನಿಂತಳು.

"ಗೋದಾಮಿನಂವ ನನ್ನ ಸಹಿ ಇಲ್ಲದ ತಗೋತಾನೇನು?"

"ನೀ ಮಾಡತಿ. ಹೆಚ್ಚು ರೊಕ್ಕ ಕೊಟ್ರ ಮಾಡತಿ."

"ಮಾಡೂದಿಲ್ಲ. ಅವಗೂ ಮಾಡೂದಿಲ್ಲ, ಇವರಿಗೂ ಮಾಡೂದಿಲ್ಲ. ಸೋಮವಾರ ಹಾವೇರಿಗೆ ಹೋಗಿ ವಕೀಲನ ಹಿಡೀತೇನಿ. ಅಪ್ಪನ ಆಸ್ತಿ, ಮೂರರಾಗ ಒಂದು ಪಾಲು. ಎರಡು ಲಕ್ಷ ಅಲ್ಲ, ಒಂದು ಪಾಲು. ಎರಡಕ್ಕ ನಾ ಒಪ್ಪಿದ್ದು ಜಗಳ ಬ್ಯಾಡ ಅಂತ. ನೀ ಜಗಳ ತಗದಿ. ಈಗ ಮೊಬೈಲಿನ್ಯಾಗ ಹತ್ತು ಸಾವಿರ ಒತ್ತು, ಇಲ್ಲಾ ಪಾಲು ತಗಿ."

ತಮ್ಮನ ನಗು ನಿಂತಿತು. ಲೆಕ್ಕ ಅವನಿಗೆ ಕೂಡಲೇ ಆಯಿತು. ಅವನ ಮೂರು ಲಕ್ಷವೂ ಅದರಲ್ಲಿ ಕರಗುತ್ತಿತ್ತು. "ಅಣ್ಣಾ, ಒತ್ತಿಬಿಡು. ಹತ್ತು ಸಾವಿರಕ್ಕ ಇಡೀ ಮನಿ ಸುಡತಿ ಏನು?" ಎಂದ.

"ನೀ ಸುಮ್ಮನಿರು."

"ಯಾಕ ಸುಮ್ಮನಿರಲಿ? ನಾ ಹತ್ತು ಕೊಟ್ಟಾಗಲೂ ಪಾವತಿ ತೋರಿಸಲಿಲ್ಲ ನೀ."

ಹಿರಿಯಣ್ಣ ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದ. ಆಮೇಲೆ ಮೊಬೈಲು ತೆಗೆದ. ಅವಳ ಖಾತೆಯ ನಂಬರು, ಬ್ಯಾಂಕಿನ ಕೋಡು ನನ್ನ ಹತ್ತಿರ ಇದ್ದವು; ಓದಿ ಹೇಳಿದೆ. ಅವನು ಒತ್ತಿದ. ಹತ್ತು ಸಾವಿರ ಸಣ್ಣ ಮೊತ್ತ, ಮೊಬೈಲಿನಿಂದಲೇ ಸರಿದುಹೋಯಿತು. ಅವಳ ಗುಂಡಿ ಮೊಬೈಲು ಸದ್ದು ಮಾಡಿತು. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ನನಗೆ ಹೇಳಿದಳು: "ಈಗ ಬರೀರಿ ನಿಮ್ಮ ಒಂದು ತೊಂಬತ್ತು."

ಬರೆದೆ. ಎನ್‌ಇಎಫ್‌ಟಿ ಎಂಬ ಚೌಕಕ್ಕೆ ಗುರುತು, ತಂಗಿಯ ಮೊಬೈಲ್ ನಂಬರು, ಹೊಸ ಚೆಕ್ಕು. ಗುಮಾಸ್ತೆ ತಾನೇ ಓದಿ ಹೇಳುವವರೆಗೆ ಅವಳಿಗೆ ಠಸ್ಸೆ ಒತ್ತಲು ಬಿಡಲಿಲ್ಲ. ಅವಳು ಮುಖ ಗಂಟಿಕ್ಕಿಕೊಂಡು ಓದಿದಳು, ದಾಖಲಿಸಿದಳು. ಅಧಿಕಾರಿ ತನ್ನ ಪರದೆಯಲ್ಲಿ ಒಪ್ಪಿಗೆ ಕೊಟ್ಟ. ಒಂದೂವರೆಯ ಕಂತಿಗೆ ಹೊರಡುತ್ತದೆ ಎಂದ. ಹಳೆಯ ಚೆಕ್ಕು ಕೇಳಿದರೆ, "ಬೆಳಗಿನ ಕಟ್ಟಿನ್ಯಾಗ ಸೇರೇತ್ರಿ, ನಾಲ್ಕರೊಳಗ ಬಂದು ಒಯ್ರಿ" ಎಂದ. ಅಲ್ಲಿಗೇ ಬಿಡುವವನಲ್ಲ ನಾನು. ಆದರೆ ಆ ಕ್ಷಣಕ್ಕೆ ಕಚೇರಿ ಮುಖ್ಯವಾಗಿತ್ತು.

ಕಚೇರಿಯ ಅಂಗಳದಲ್ಲಿ ನಾವು ನಾಲ್ಕು ದಿಕ್ಕಾಗಿ ಕಾದೆವು. ಹಿರಿಯಣ್ಣ ಒಂದು ಕಡೆ, ತಮ್ಮ ಅವನಿಂದ ದೂರ, ಕುಪ್ಪೇಲೂರಿನವಳು ಗೋಡೆಯ ಹತ್ತಿರ, ನಾನೂ ತಂಗಿಯೂ ಬಾಗಿಲಲ್ಲಿ. ಬರಹಗಾರ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಬಂದ. ಸಂಗತಿ ಹೇಳಿದೆ.

"ಎರಡು ಲಕ್ಷದ ಕೆಳಗ ಆರ್‌ಟಿಜಿಎಸ್ ಹೋಗಂಗಿಲ್ಲ ಅಂತ ನಿಮಗ ಗೊತ್ತಿರಲಿಲ್ಲೇನು?"

"ಗೊತ್ತ್ರಿ. ಆದ್ರ ಪತ್ರದಾಗ ಮೊದಲ ಅಚ್ಚಾಗಿತ್ತಲ್ರಿ. ನೀವು ಗುರುತು ಹಾಕಿದ್ದನ್ನ ನೋಡಿ ಹಾಕಿದ್ನಿ."

"ಮೊತ್ತ ನಾ ಬರದಿದ್ದು ಎರಡು ಲಕ್ಷ. ಅದಕ್ಕ ನನ್ನ ಗುರುತು ಸರಿ ಇತ್ತು. ಮೊತ್ತ ಬದಲಿಸಿದ ಕೈ ಗುರುತೂ ಬದಲಿಸಬೇಕಿತ್ತು."

"ಬಿಡ್ರಿ ಸಾಹೇಬ್ರ, ಆತಲ್ಲ."

"ನಿಮ್ಮ ಕೂಲೀದಾಗ ಬ್ಯಾಂಕಿನ ಅರ್ಜೀದು ಕೊಡೂದಿಲ್ಲ" ಎಂದೆ. ಕೊಡಲೂ ಇಲ್ಲ.

ಎರಡು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಕುಪ್ಪೇಲೂರಿನವಳ ಮೊಬೈಲು ಮತ್ತೆ ಸದ್ದು ಮಾಡಿತು. ಅವಳು ಓದಿ, ಅದನ್ನು ನನ್ನ ತಂಗಿಯ ಕೈಗೆ ಕೊಟ್ಟು ಓದಿಸಿದಳು. ಸೊನ್ನೆಗಳನ್ನು ಎರಡು ಸಲ ಓದಿಸಿದಳು. ತಂಗಿಯ ಮೊಬೈಲಿಗೆ ಬಂದಿದ್ದ ನಂಬರನ್ನು ನಾನು ಓದಿದೆ. ಬರಹಗಾರ ಮೂರನೆಯ ಸಾಲಿನಲ್ಲಿ ಆರ್‌ಟಿಜಿಎಸ್ ಎಂಬುದನ್ನು ಹೊಡೆದು ಎನ್‌ಇಎಫ್‌ಟಿ ಎಂದು ಬರೆದ, ನಂಬರು ತುಂಬಿದ. ಮೊತ್ತಗಳನ್ನು ತಿದ್ದಿದ ಕಡೆಯಲ್ಲೆಲ್ಲ ನಾಲ್ವರ ಸಣ್ಣ ಸಹಿಗಳನ್ನೂ ಹಾಕಿಸಿದೆ. ಹಿರಿಯಣ್ಣನ ಕೈಯಿಂದ ಅವಳ ಖಾತೆಗೆ ಹೋದ ಹತ್ತು ಸಾವಿರವನ್ನೂ ಒಂದು ಸಾಲಿನಲ್ಲಿ ಕಾಣಿಸಬೇಕೆಂದು ಅವಳು ಹಟ ಹಿಡಿದಳು. ಅವನು ಗೊಣಗಿದ. ಬರಹಗಾರ ಬರೆದ.

ಮೂರರ ನಂತರ ಕಡೆಯ ಸರದಿಯಲ್ಲಿ ಕರೆದರು. ಫೋಟೋ, ಹೆಬ್ಬೆರಳು, ಸಹಿ. ನೋಂದಣಿ ಅಧಿಕಾರಿ ಪದ್ಧತಿಯಂತೆ ಕೇಳಿದರು: "ಹಣ ಪೂರ್ತಿ ಮುಟ್ಟೇತೇನಮ್ಮ?"

"ಮುಟ್ಟೇತ್ರಿ. ಕಸದುಕೊಂಡಮ್ಯಾಲೆ" ಎಂದಳು ಕುಪ್ಪೇಲೂರಿನವಳು.

ಅಧಿಕಾರಿ ಕತ್ತೆತ್ತಿ ನೋಡಿ, ಹೆಚ್ಚು ಕೇಳದೆ ಮುಂದಿನ ಪುಟ ತಿರುಗಿಸಿದರು.

ಹೊರಗೆ ಬಂದ ಮೇಲೆ ಯಾರೂ ಯಾರ ಮುಖ ನೋಡಲಿಲ್ಲ. ಖರೀದಿಯಾದ ದಿನ ಕೊಂಡವರ ಮನೆಯಲ್ಲಿ ಮಾರಿದವರಿಗೆ ಸಿಹಿ ಊಟ ಹಾಕುವುದುಂಟು. ತಂಗಿ ಬೆಳಗಿನಲ್ಲೇ ಹೋಳಿಗೆಗೆ ಕಡಲೆ ಬೇಳೆ ಬೇಯಿಸಿಟ್ಟಿದ್ದಳು. ಅವಳು ಅಣ್ಣಂದಿರಿಬ್ಬರನ್ನೂ ಕರೆಯಲಿಲ್ಲ, ಅವರೂ ಕಾಯಲಿಲ್ಲ. ಸೀರೆಯ ಚೀಲ ಬಂದ ದಾರಿಯಲ್ಲೇ ಹೋಯಿತು. ಕುಪ್ಪೇಲೂರಿನವಳನ್ನು ಮಾತ್ರ ಕರೆದಳು.

"ನಿಮ್ಮ ಮ್ಯಾಲೆ ಸಿಟ್ಟಿಲ್ಲ" ಎಂದಳು ಅವಳು. "ಆದ್ರ ನಮ್ಮಪ್ಪನ ಮನ್ಯಾಗ ಕೂತು ನಿಮ್ಮ ಅನ್ನ ಉಣ್ಣಂಗಿಲ್ಲ."

ನಾನು ಅವಳು ಹತ್ತಬೇಕಾದ ರಾಣೆಬೆನ್ನೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳಹೋದೆ. "ನನಗ ಗೊತ್ತೈತಿ" ಎಂದು ನಡೆದುಬಿಟ್ಟಳು. ನನ್ನ ಮೇಲೆ ಹೊರಿಸಿದ ಹತ್ತು ಸಾವಿರದ ಕಳ್ಳತನಕ್ಕೆ ಅವಳಿಂದ ತಪ್ಪಾಯಿತೆಂಬ ಒಂದು ಮಾತೂ ಬರಲಿಲ್ಲ. ನಾನೂ ಕೇಳಲಿಲ್ಲ. ಇಂದಿಗೂ ನನಗೆ ಅವಳು ಇಷ್ಟವಿಲ್ಲ. ಆದರೆ ಅಂದು ಖಾನಾವಳಿ ಉಳಿದದ್ದು ನನ್ನ ಅಚ್ಚುಕಟ್ಟಿನಿಂದಲ್ಲ, ಅವಳ ಹಟದಿಂದ. ಅದನ್ನು ಇದ್ದಂತೆ ಬರೆಯುತ್ತಿದ್ದೇನೆ.

ತಂಗಿ ರಾತ್ರಿಯ ಊಟಕ್ಕೆ ಹಿಟ್ಟು ನಾದಲು ಖಾನಾವಳಿಗೆ ಹೋದಳು. ನಾನು ಬ್ಯಾಂಕಿಗೆ ಹೋದೆ. ಬಾಗಿಲು ಅರ್ಧ ಮುಚ್ಚಿತ್ತು. ಕಾವಲಿನವನು ತಡೆದ, ನಾಲ್ಕಾಗಿಲ್ಲ ಎಂದು ಗಡಿಯಾರ ತೋರಿಸಿ ಒಳಗೆ ಹೋದೆ. ಗುಮಾಸ್ತೆ ಹಳೆಯ ಚೆಕ್ಕನ್ನು ಕಟ್ಟೆಯ ಮೇಲೆ ಜಾರಿಸಿದಳು. ಅಲ್ಲೇ ನಿಂತು ಅದರ ಮೇಲೆ ಎರಡು ಅಡ್ಡಗೆರೆ ಎಳೆದು, ನಡುವೆ 'ರದ್ದು' ಎಂದು ಬರೆದು, ತಂಗಿಯ ಸಹಿಯಿದ್ದ ಭಾಗವನ್ನು ಹರಿದು ಚೂರು ಮಾಡಿ ಅವರ ಬುಟ್ಟಿಗೆ ಹಾಕಿದೆ.